ಮೇಲೆ ಕರಕಲು, ಒಳಗೆ ಹಸಿ: ತಂದೂರಿ ಕೋಳಿ ಎಲ್ಲಿ ಕೆಟ್ಟಿತು?

ಪ್ರಶ್ನೆ: ಸರ್, ಮಗನ ಹುಟ್ಟುಹಬ್ಬಕ್ಕೆ ಡ್ರಮ್ ತಂದೂರ್ ತಂದು ಮಾಳಿಗೆ ಮೇಲೆ ಹಚ್ಚಿದ್ವಿ. ಒಂದು ಕಿಲೋ ಕೋಳಿ ಕಾಲಿಗೆ ಮೊಸರು, ನಿಂಬೆ, ಪಪ್ಪಾಯಿಕಾಯಿ ಎಲ್ಲಾ ಹಚ್ಚಿ ರಾತ್ರಿಯಿಡೀ ಫ್ರಿಜ್‌ನಲ್ಲಿ ಇಟ್ಟಿದ್ವಿ. ಇದ್ದಿಲು ಹೊತ್ತಿ ಇಪ್ಪತ್ತು ನಿಮಿಷಕ್ಕೆ ಸಲಾಕೆ ಇಳಿಸಿದ್ವಿ. ಮೇಲೆ ಕರಕಲು, ಎಲುಬಿನ ಹತ್ತಿರ ಹಸಿ, ನಡುವೆ ಹಿಟ್ಟು ಹಿಟ್ಟು. ಅಷ್ಟರಲ್ಲಿ ಮಳೆ ಬಂತು. ಉಳಿದ ಕೆಂಡ ಕಬ್ಬಿಣದ ಬುಟ್ಟಿಗೆ ತುಂಬಿ ಮೆಟ್ಟಿಲ ಕೋಣೆಯಲ್ಲಿಟ್ಟು ಅಲ್ಲೇ ಕೂತು ಉಂಡ್ವಿ. ಮನೆಯವರಿಗೆ ತಲೆನೋವು ಬಂತು. ಎಲ್ಲಿ ತಪ್ಪಿದ್ವಿ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೊದಲು ಆ ತಲೆನೋವಿನ ಮಾತು, ಕೋಳಿ ಆಮೇಲೆ. ಬುಟ್ಟಿಯ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಅನ್ನೋ ಗಾಳಿ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಹೊಗೆಯೂ ಕಾಣುವುದಿಲ್ಲ. ಮೇಲೆ ಬೂದಿ ಮುಚ್ಚಿ ಆರಿದಂತೆ ಕಂಡರೂ ಒಳಗೆ ಗಂಟೆಗಟ್ಟಲೆ ಉರಿಯುತ್ತಲೇ ಇರುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಎಚ್ಚರ ತಪ್ಪುತ್ತದೆ. ಒಂದೇ ಕೋಣೆಯಲ್ಲಿ ಕೂತ ನಾಲ್ಕು ಜನರಿಗೆ ಒಟ್ಟಿಗೆ ತಲೆ ಭಾರ ಆದರೆ ಅದು ಊಟದ ದೋಷ ಅಂದುಕೊಳ್ಳಬೇಡಿ. ಎಲ್ಲರೂ ಬಯಲಿಗೆ ಬನ್ನಿ. ಯಾರಾದರೂ ಮಂಕಾಗಿದ್ದರೆ 108ಕ್ಕೆ ಫೋನ್ ಮಾಡಿ. ಕಿಟಕಿ ತೆಗೆದಿದ್ವಿ ಅನ್ನೋ ಸಮಾಧಾನ ಸಾಲದು. ಮಳೆ ಬಂದರೆ ಊಟ ಒಳಗೆ ಬರಲಿ, ಕೆಂಡ ಹೊರಗೇ ಇರಲಿ.

ಇನ್ನು ಕೋಳಿ. ಇಪ್ಪತ್ತು ನಿಮಿಷಕ್ಕೆ ಸಲಾಕೆ ಇಳಿಸಿದಾಗ ನಿಮ್ಮ ತಂದೂರಿನಲ್ಲಿ ಉರಿ ಇತ್ತು, ಕಾವು ಇರಲಿಲ್ಲ. ತಂದೂರಿನಲ್ಲಿ ಬೇಯಿಸುವುದು ಬರೀ ಕೆಂಡ ಅಲ್ಲ, ಕಾದ ಮಣ್ಣಿನ ಗೋಡೆ. ಗೋಡೆ ತಣ್ಣಗಿದ್ದರೆ ಶಾಖ ಕೆಳಗಿಂದ ಮಾತ್ರ ಬರುತ್ತದೆ, ಕೆಳಗಿನ ತುಂಡು ಸುಡುತ್ತದೆ, ಮೇಲಿನದು ಹಸಿ ಉಳಿಯುತ್ತದೆ. ಗೋಡೆ ಕಾಯಲು ಸುಮಾರು ಒಂದು ಗಂಟೆ ಬೇಕು. ಗಡಿಯಾರಕ್ಕಿಂತ ಗೋಡೆಯನ್ನೇ ನೋಡಿ. ಇದ್ದಿಲು ಹೊತ್ತಿದ ಹೊಸತರಲ್ಲಿ ಒಳಗೋಡೆ ಮಸಿ ಹಿಡಿದು ಕಪ್ಪಾಗುತ್ತದೆ. ಕಾವು ಏರಿದಂತೆ ಆ ಮಸಿ ಸುಟ್ಟು ಹೋಗಿ ಮಣ್ಣು ಮತ್ತೆ ಬಿಳಚಿಕೊಳ್ಳುತ್ತದೆ. ಕಪ್ಪು ಹೋಗುವ ತನಕ ಸಲಾಕೆ ಮುಟ್ಟಬೇಡಿ.

ಅಷ್ಟೊತ್ತಿಗೆ ಕೆಂಡದ ಮೇಲೆ ಬೂದಿಯ ತೆಳು ಪದರ ಬಂದಿರುತ್ತದೆ, ಜ್ವಾಲೆ ಇರುವುದಿಲ್ಲ. ಆಗ ಕೆಳಗಿನ ಗಾಳಿ ಕಿಂಡಿಯನ್ನು ಮುಕ್ಕಾಲು ಭಾಗ ಮುಚ್ಚಿ. ಕಾವು ಹಿಡಿತದಲ್ಲಿ ಇರುವುದು ಆ ಕಿಂಡಿಯಿಂದಲೇ. ತೆಗೆದರೆ ಗಾಳಿ ಬಂದು ಕೆಂಡ ನಿಗಿನಿಗಿ ಆಗುತ್ತದೆ, ಮುಚ್ಚಿದರೆ ತಗ್ಗುತ್ತದೆ. ಆದರೂ ಜೋರು ಅನಿಸಿದರೆ ಉದ್ದ ಕೋಲಿನಿಂದ ಕೆಂಡವನ್ನು ಅಂಚಿಗೆ ಸರಿಸಿ, ಮೇಲೆ ಒಂದಿಷ್ಟು ಬೂದಿ ಎಳೆಯಿರಿ. ಗ್ರಿಲ್ ಇರುವವರಿಗೂ ಇದೇ ಲೆಕ್ಕ: ಕೆಂಡ ಒಂದು ಪಕ್ಕ, ಮಾಂಸ ಇನ್ನೊಂದು ಪಕ್ಕ, ಬಣ್ಣ ಬರಿಸಲು ಮಾತ್ರ ಕೆಂಡದ ಮೇಲೆ.

ಸಲಾಕೆಯ ತುದಿಗೆ ಮೊದಲು ಅರ್ಧ ಆಲೂಗಡ್ಡೆ ಚುಚ್ಚಿ, ಆಮೇಲೆ ಕೋಳಿ ಪೋಣಿಸಿ. ತುಂಡು ಜಾರಿ ಕೆಂಡಕ್ಕೆ ಬೀಳುವುದಿಲ್ಲ, ಸುಡುವುದು ಆಲೂಗಡ್ಡೆ. ಹನ್ನೆರಡು ಹದಿನೈದು ನಿಮಿಷ ಬೇಯಿಸಿ ಹೊರಗೆ ತೆಗೆಯಿರಿ. ಸಲಾಕೆಯನ್ನು ನೆಟ್ಟಗೆ ನಿಲ್ಲಿಸಿ ಐದು ನಿಮಿಷ ಬಿಡಿ. ಮಸಾಲೆ ನೀರು ಇಳಿದು ಹೋಗುತ್ತದೆ, ಹೊರಗಿನ ಕಾವು ಒಳಗೆ ಹರಡುತ್ತದೆ. ತುಪ್ಪ ಸವರಿ ಮತ್ತೆ ನಾಲ್ಕೈದು ನಿಮಿಷ ಇಳಿಸಿ. ಡಾಬಾದ ಉಸ್ತಾದರು ಸಲಾಕೆ ಹೊರಗೆ ಸಾಲಾಗಿ ನಿಲ್ಲಿಸಿರುವುದನ್ನು ನೋಡಿರಬೇಕು. ಗಿರಾಕಿ ಬರಲಿ ಅಂತ ಅಷ್ಟೇ ಅಲ್ಲ, ಇದಕ್ಕೂ ಹೌದು. ಬೆಂದದ್ದು ತಿಳಿಯಲು ಬಣ್ಣ ನಂಬಬೇಡಿ, ಮಸಾಲೆಯೇ ಕೆಂಪು. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಇದ್ದರೆ ದಪ್ಪ ಜಾಗದಲ್ಲಿ, ಎಲುಬು ತಾಗದಂತೆ ಚುಚ್ಚಿ ನೋಡಿ. 74 ಡಿಗ್ರಿ ಸೆಲ್ಸಿಯಸ್ ಬರಬೇಕು. ಇಲ್ಲದಿದ್ದರೆ ಎಲುಬಿನ ತನಕ ಕೊಯ್ದು ನೋಡಿ. ಹಸಿ ಗುಲಾಬಿ ಮಾಂಸ ಕಂಡರೆ ಮತ್ತೆ ಇಳಿಸಿ.

ಹಿಟ್ಟು ಹಿಟ್ಟಾಗಿದ್ದು ಬೆಂಕಿಯ ತಪ್ಪಲ್ಲ, ಪಪ್ಪಾಯಿಯದ್ದು. ಅದರ ಹಾಲಿನಲ್ಲಿರುವ ಪಪೈನ್ ಮಾಂಸದ ಎಳೆಗಳನ್ನೇ ಕತ್ತರಿಸುತ್ತದೆ. ಫ್ರಿಜ್‌ನಲ್ಲಿ ನಿಧಾನ ಆಗುತ್ತದೆ, ನಿಲ್ಲುವುದಿಲ್ಲ. ಬೇಯುವಾಗ ಮಾಂಸ ಬಿಸಿಯಾಗುತ್ತಾ ಹೋದಂತೆ ಇನ್ನೂ ಜೋರಾಗಿ ಕೆಲಸ ಮಾಡುತ್ತದೆ. ಬಲಿತ ಕುರಿ ಮಾಂಸಕ್ಕೆ ಅರ್ಧ ಕಿಲೋಗೆ ಒಂದು ಚಿಕ್ಕ ಚಮಚ, ಒಂದು ಗಂಟೆ ಸಾಕು. ಕೋಳಿ ಮೊದಲೇ ಮೆತ್ತಗೆ, ಅದಕ್ಕೆ ಪಪ್ಪಾಯಿ ಬೇಡವೇ ಬೇಡ.

ನಿಮ್ಮ ಒಂದು ಕಿಲೋ ಕಾಲಿಗೆ ನಾನಾದರೆ ಹೀಗೆ ಮಾಡುತ್ತೇನೆ. ಪ್ರತಿ ಕಾಲಿಗೆ ಎಲುಬು ಮುಟ್ಟುವಂತೆ ಮೂರು ಗೀರು ಹಾಕುತ್ತೇನೆ. ಒಂದೂವರೆ ಚಿಕ್ಕ ಚಮಚ ಉಪ್ಪು, ಒಂದು ನಿಂಬೆಯ ರಸ, ಶುಂಠಿ ಬೆಳ್ಳುಳ್ಳಿ ಹಚ್ಚಿ ಅರ್ಧ ಗಂಟೆ. ಆಮೇಲೆ ಬಿಟ್ಟ ನೀರು ಚೆಲ್ಲಿ ಎರಡನೇ ಹಚ್ಚು: ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಮೊಸರು ಒಂದು ಬಟ್ಟಲು, ನೆನೆಸಿ ರುಬ್ಬಿದ ಬ್ಯಾಡಗಿ ಮೆಣಸಿನಕಾಯಿ ಹತ್ತು, ಹುರಿದ ಕಡಲೆಹಿಟ್ಟು ಒಂದು ಚಮಚ, ಸಾಸಿವೆ ಎಣ್ಣೆ ಎರಡು ಚಮಚ. ಬ್ಯಾಡಗಿ ಪಕ್ಕದ ಹಾವೇರಿ ಜಿಲ್ಲೆಯದ್ದೇ, ಖಾರ ಕಮ್ಮಿ, ಬಣ್ಣ ಜಾಸ್ತಿ. ಪ್ಯಾಕೆಟ್ ಕೆಂಪು ಬಣ್ಣ ಸುಮ್ನೆ ಯಾಕೆ? ಮೊಸರಿನ ನೀರು ಇಳಿಸದಿದ್ದರೆ ಮಸಾಲೆ ಕೆಂಡದ ಮೇಲೆ ಸುರಿಯುತ್ತದೆ, ತುಂಡು ಬರೀ ಹಬೆಯಲ್ಲಿ ಬೇಯುತ್ತದೆ. ಇದು ಫ್ರಿಜ್‌ನಲ್ಲಿ ನಾಲ್ಕರಿಂದ ಆರು ಗಂಟೆ ಇದ್ದರೆ ಸಾಕು. ಪನೀರಿಗೆ ಅರ್ಧ ಗಂಟೆ, ಮೀನಿಗೆ ಇಪ್ಪತ್ತು ನಿಮಿಷ. ಹಸಿ ಕೋಳಿ ಇದ್ದ ಮಸಾಲೆಯನ್ನು ಬೆಂದ ತುಂಡಿಗೆ ಸವರಬೇಡಿ, ಉಳಿದದ್ದು ಚೆಲ್ಲಿ.

ಕೊನೆಗೆ ಕೆಂಡ ಆರಿಸುವ ಮಾತು. ನಾನು ಕೆಲಸ ಕಲಿಯುವಾಗ ಹೈವೇ ಪಕ್ಕದ ಡಾಬಾ ಒಂದರಲ್ಲಿ ಬೇಗ ಮನೆಗೆ ಹೋಗುವ ಆಸೆಗೆ ತಂದೂರಿಗೆ ಒಂದು ಕೊಡ ನೀರು ಸುರಿದೆ. ಢಮ್ ಅಂತ ಬಿಸಿ ಹಬೆ, ಬೂದಿ ಮೇಲೆ ಬಂತು. ಮೊಣಕೈ ತನಕ ಸುಟ್ಟಿತು, ಮಡಕೆ ಮೇಲಿಂದ ಕೆಳಗೆ ಸೀಳಿತು. ನೀರು ಬೇಡ. ಮೇಲಿನ ಮುಚ್ಚಳ ಹಾಕಿ, ಕೆಳಗಿನ ಕಿಂಡಿ ಪೂರ್ತಿ ಮುಚ್ಚಿ. ಗಾಳಿ ಸಿಗದೆ ಕೆಂಡ ತಾನೇ ಸಾಯುತ್ತದೆ. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ, ಟೂತ್‌ಪೇಸ್ಟ್ ಹಚ್ಚಬೇಡಿ. ಹೊತ್ತುತ್ತಿಲ್ಲ ಅಂತ ಅರೆಬೆಂಕಿಯ ಮೇಲೆ ಸೀಮೆಎಣ್ಣೆ, ಪೆಟ್ರೋಲ್ ಸುರಿಯಬೇಡಿ, ಜ್ವಾಲೆ ಡಬ್ಬಿಯ ತನಕ ಏರಿ ಬರುತ್ತದೆ.

ಬೂದಿಯನ್ನು ಮರುದಿನ ಸಂಜೆಗೆ ಮೊದಲು ತೆಗೆಯಬೇಡಿ. ತೆಗೆದರೂ ಮುಚ್ಚಳ ಇರುವ ತಗಡಿನ ಡಬ್ಬಿಗೇ ಹಾಕಿ, ಪ್ಲಾಸ್ಟಿಕ್ ಬಕೆಟ್‌ಗೆ ಅಲ್ಲ. ಅದರಲ್ಲಿ ಉಳಿದ ಕರಿ ತುಂಡುಗಳನ್ನು ಆರಿಸಿ ಒಣ ಜಾಗದಲ್ಲಿಡಿ. ಮುಂದಿನ ಸಲ ಅವೇ ಬೇಗ ಹೊತ್ತುತ್ತವೆ. ಮಳೆಗೆ ನೆನೆದ ಇದ್ದಿಲು ಮಾತ್ರ ಹಾಕಬೇಡಿ, ಚಟಚಟ ಸಿಡಿದು ಕಿಡಿ ಮೈಮೇಲೆ ಬರುತ್ತದೆ.