ಹಗುರ ಡೋಸಿನ ನಿದ್ದೆ ಗುಳಿಗೆ, ಏರುವ ತೂಕ

ಪ್ರಶ್ನೆ: ಸರ್, ನಾನು ಗದಗಿನಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ, ವಯಸ್ಸು 47. ಜೂನ್‌ನಲ್ಲಿ ನಿದ್ದೆ ಬರ್ತಿಲ್ಲ ಅಂತ ಡಾಕ್ಟರ ಹತ್ತಿರ ಹೋದಾಗ ಕ್ವೆಟಿಯಾಪಿನ್ 25 ಬರೆದುಕೊಟ್ಟರು. ಆಮೇಲೆ 50 ಮಾಡಿದರು. ನಿದ್ದೆ ಚೆನ್ನಾಗಿ ಬರುತ್ತದೆ. ಆದರೆ ಗುಳಿಗೆ ನುಂಗಿದ ಅರ್ಧ ತಾಸಿಗೆ ಹೊಟ್ಟೆ ಹಸಿಯುತ್ತದೆ. ಜೂನ್‌ನಲ್ಲಿ ಶಾಲೆಯ ತಪಾಸಣೆಯಲ್ಲಿ 62 ಕೆಜಿ ಇದ್ದೆ, ದಸರಾ ರಜೆಯಲ್ಲಿ 65.5, ಈಗ ಜನವರಿಯಲ್ಲಿ 67. ಇದು ಹುಚ್ಚಿಗೆ ಕೊಡೋ ಗುಳಿಗೆ ಅಂತ ನಮ್ಮ ಅಕ್ಕ ಹೆದರಿಸಿದ್ದಾಳೆ. ಇವತ್ತಿನಿಂದಲೇ ಬಿಟ್ಟುಬಿಡಲಾ?

ಉತ್ತರ: ಅಕ್ಕೋರೇ, ಇವತ್ತೇ ಬಿಡಬೇಡಿ. ಏಳು ತಿಂಗಳು ದಿನಾ ತಗೊಂಡ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ರಾತ್ರಿ ಮೊದಲಿಗಿಂತ ಕೆಟ್ಟ ನಿದ್ದೆಗೇಡು ಬರಬಹುದು, ಕೆಲವರಿಗೆ ವಾಕರಿಕೆಯೂ ಬರುತ್ತದೆ. ಆಗ "ನನಗೆ ಈ ಗುಳಿಗೆ ಇಲ್ಲದೆ ಆಗೋದೇ ಇಲ್ಲ" ಅನ್ನಿಸಿ ವಾಪಸ್ ಅದಕ್ಕೇ ಹೋಗುತ್ತೀರಿ. ಆದರೆ ಈ ವಾರದಲ್ಲೇ ಡಾಕ್ಟರ ಹತ್ತಿರ ಹೋಗಿ. ನಿಮ್ಮ ತೂಕದ ಮೂರು ಅಂಕಿಗಳೇ ಅದಕ್ಕೆ ಕಾರಣ ಹೇಳುತ್ತಿವೆ.

ನಿಮ್ಮ ಅಕ್ಕ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಕ್ವೆಟಿಯಾಪಿನ್‌ಗೆ ಅನುಮತಿ ಸಿಕ್ಕಿದ್ದು ಸ್ಕಿಜೋಫ್ರೇನಿಯಾ ಮತ್ತು ಬೈಪೋಲಾರ್‌ನಂತಹ ಕಾಯಿಲೆಗಳಿಗೆ, ಅಲ್ಲಿ ಡೋಸ್ ಸಾಮಾನ್ಯವಾಗಿ 300 ರಿಂದ 800 ಮಿಲಿಗ್ರಾಂ. ಬರೀ ನಿದ್ದೆಗೆ 25, 50 ಕೊಡುವುದು ಅನುಮತಿಯ ಆಚೆಗಿನ ಬಳಕೆ. ಅದು ಕಾನೂನಿಗೆ ವಿರುದ್ಧ ಅಲ್ಲ, ಚಟ ಹತ್ತುವ ನಿದ್ದೆ ಗುಳಿಗೆ ಬೇಡ ಅಂತ ಎಷ್ಟೋ ಡಾಕ್ಟರು ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತಾರೆ. ಹಾಗಾಗಿ ಗುಳಿಗೆ ಬರೆದರು ಅಂದರೆ ನಿಮಗೆ ಹುಚ್ಚು ಅಂತ ಅರ್ಥವಲ್ಲ. ಆದರೆ ಡಾಕ್ಟರು ನಿದ್ದೆಯ ಜೊತೆಗೆ ಬೈಪೋಲಾರ್ ಅಥವಾ ಖಿನ್ನತೆ ಅಂತಲೂ ಹೇಳಿದ್ದರೆ ಲೆಕ್ಕ ಬೇರೆ. ಆಗ ಅವರನ್ನು ಕೇಳದೆ ಡೋಸ್ ಮುಟ್ಟಲೇಬೇಡಿ.

ಈ ಹಸಿವಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮಗೆ ಬಾಯಿ ಹತೋಟಿಯಲ್ಲಿಲ್ಲ ಅಂತ ಯಾರಾದರೂ ಹೇಳಿಯೇ ಇರುತ್ತಾರೆ. ಮಿದುಳಿನಲ್ಲಿ ಹಿಸ್ಟಮಿನ್ ಅನ್ನುವ ರಾಸಾಯನಿಕ ನಮ್ಮನ್ನು ಎಚ್ಚರ ಇಡುತ್ತದೆ. 25, 50ರ ಡೋಸಿನಲ್ಲಿ ಕ್ವೆಟಿಯಾಪಿನ್ ಮುಖ್ಯವಾಗಿ ಮಾಡುವ ಕೆಲಸ ಈ ಹಿಸ್ಟಮಿನ್ ಬಾಗಿಲು ಮುಚ್ಚುವುದು, ಅದರಿಂದಲೇ ಕಣ್ಣು ಎಳೆಯುತ್ತದೆ. ಆದರೆ ಅದೇ ಹಿಸ್ಟಮಿನ್ "ಸಾಕು, ಹೊಟ್ಟೆ ತುಂಬಿತು" ಅನ್ನುವ ಸುದ್ದಿಯನ್ನೂ ಹೊರುತ್ತದೆ. ಹಾಗಾಗಿ ನಿದ್ದೆ ಬಂದ ದಾರಿಯಲ್ಲೇ ಹಸಿವೂ ಬರುತ್ತದೆ. ಮನೋರೋಗಕ್ಕೆ ಕೊಡುವ ದೊಡ್ಡ ಡೋಸಿನ ಕೆಲಸ ಇಲ್ಲಿ ನಡೆಯುವುದಿಲ್ಲ, ಆದರೆ ತೂಕದ ಮಟ್ಟಿಗೆ "ಸಣ್ಣ ಡೋಸ್, ಏನೂ ಆಗಲ್ಲ" ಅನ್ನುವುದು ಸರಿಯಲ್ಲ. ಎಲ್ಲರಿಗೂ ಏರುವುದಿಲ್ಲ. ಎಷ್ಟೋ ಜನರಿಗೆ ಒಂದೆರಡು ಕೆಜಿಗೇ ನಿಲ್ಲುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ನಿಮಗೆ ಏರುತ್ತಿದೆ.

ಎಷ್ಟು ಏರಿದರೆ ಜಾಸ್ತಿ? ಇಂಥ ಔಷಧಗಳಿಗೆ ಅಮೆರಿಕದ ಮಧುಮೇಹ ಮತ್ತು ಮನೋವೈದ್ಯ ಸಂಘಗಳು 2004ರಲ್ಲಿ ಸೇರಿ ಒಂದು ಗೆರೆ ಹಾಕಿದವು: ಶುರುವಿನ ತೂಕದ ಮೇಲೆ ಶೇ. 5 ಏರಿದರೆ ಗುಳಿಗೆ ಬದಲಿಸುವ ಯೋಚನೆ ಮಾಡಬೇಕು. 62ರ ಶೇ. 5 ಅಂದರೆ 3.1 ಕೆಜಿ, ಅಂದರೆ ನಿಮ್ಮ ಗೆರೆ 65.1. ದಸರಾ ಹೊತ್ತಿಗೇ ಅದನ್ನು ದಾಟಿದ್ದೀರಿ! ಈಗ ಶೇ. 8ರಲ್ಲಿದ್ದೀರಿ. ಅದೇ ಸೂಚನೆಯಲ್ಲಿ 4, 8, 12ನೇ ವಾರಕ್ಕೆ ತೂಕ ನೋಡಿ, ಆಮೇಲೆ ಮೂರು ತಿಂಗಳಿಗೊಮ್ಮೆ ನೋಡಿ ಅಂತಿದೆ. ಹಾಗೆ ನೋಡಿದ್ದರೆ ದಸರಾಕ್ಕಿಂತ ಮೊದಲೇ ಒಬ್ಬರು ಗಮನಿಸುತ್ತಿದ್ದರೋ ಏನೋ.

ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ. ಪತ್ರಿಕೆಗೆ ಬರುವ ಮೊದಲು ಹುಬ್ಬಳ್ಳಿಯ ಒಂದು ಔಷಧ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದೆ. ಹಳೇ ಚೀಟಿ ಹಿಡಿದು ತಿಂಗಳಿಗೊಮ್ಮೆ ಇದೇ ಗುಳಿಗೆ ಒಯ್ಯುತ್ತಿದ್ದವರು ಬಹಳ ಮಂದಿ. ಬ್ಲೌಸ್ ಬಿಗಿಯಾಯಿತು, ಮೆಟ್ಟಿಲು ಹತ್ತಿದರೆ ಏದುಸಿರು ಅಂತ ಕೌಂಟರಿನಲ್ಲೇ ಹೇಳುತ್ತಿದ್ದರು. ಅಂಗಡಿಯಲ್ಲೇ ತೂಕದ ಯಂತ್ರ ಇತ್ತು. ಒಬ್ಬರನ್ನೂ ಹತ್ತಿಸಿ ನೋಡಲಿಲ್ಲ.

ತೂಕಕ್ಕಿಂತ ಮುಖ್ಯ ಅದು ಎಲ್ಲಿ ಕೂತಿದೆ ಅನ್ನುವುದು. ಟೇಪ್ ತಗೊಂಡು ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ತುದಿ, ಇವೆರಡರ ನಡುವೆ ಸುತ್ತಿ, ಉಸಿರು ಬಿಟ್ಟ ಮೇಲೆ ಅಳೆಯಿರಿ, ಹೊಟ್ಟೆ ಒಳಗೆ ಎಳೆಯಬೇಡಿ. ನಮ್ಮ ದೇಶದ ಹೆಣ್ಣುಮಕ್ಕಳಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ, ಗಂಡಸರಿಗೆ 90. ಆಮೇಲೆ ರಾತ್ರಿ ಊಟದ ನಂತರ ನೀರು ಬಿಟ್ಟು ಏನೂ ತಿನ್ನದೆ, 10–12 ತಾಸು ಬಿಟ್ಟು, ಬೆಳಗ್ಗೆ ರಕ್ತ ಕೊಡಿ. ಖಾಲಿ ಹೊಟ್ಟೆ ಸಕ್ಕರೆ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ, ರಕ್ತದ ಕೊಬ್ಬು ಹೇಳುವ ಲಿಪಿಡ್. ಸಕ್ಕರೆ 100ರಿಂದ 125ರ ನಡುವೆ ಅಥವಾ ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಬಂದರೆ ಅದು ಮಧುಮೇಹದ ಹೊಸ್ತಿಲು. ಸಕ್ಕರೆ 126 ಅಥವಾ ಎಚ್‌ಬಿಎ1ಸಿ 6.5 ಮುಟ್ಟಿದರೆ ಇನ್ನೊಮ್ಮೆ ಪರೀಕ್ಷೆ ಮಾಡಿ ಖಚಿತ ಮಾಡುತ್ತಾರೆ. ಲಿಪಿಡ್ ವರದಿಯಲ್ಲಿ ಟ್ರೈಗ್ಲಿಸರೈಡ್ ಕಡೆ ಮೊದಲು ಕಣ್ಣು ಹಾಕಿ, 150ಕ್ಕಿಂತ ಮೇಲೆ ಹೋಗಿದ್ದರೆ ಡಾಕ್ಟರಿಗೆ ತೋರಿಸಿ. ಬಿಪಿಯನ್ನೂ ನೋಡಿಸಿ. ಗುಳಿಗೆ ಶುರು ಮಾಡುವ ಮೊದಲಿನ ರಕ್ತದ ವರದಿ ನಿಮ್ಮ ಹತ್ತಿರ ಇಲ್ಲದಿದ್ದರೆ ಹಳೇ ಫೈಲ್ ಹುಡುಕಿ, ಯಾವುದೋ ತಪಾಸಣೆಯದ್ದು ಸಿಕ್ಕರೂ ಸಾಕು, ಹೋಲಿಸೋಕೆ ಅದೇ ಬುನಾದಿ. ವಿಪರೀತ ನೀರಡಿಕೆ, ಪದೇ ಪದೇ ಮೂತ್ರ ಶುರುವಾದರೆ ಮಾತ್ರ ಕಾಯಬೇಡಿ, ಅವತ್ತೇ ಸಕ್ಕರೆ ನೋಡಿಸಿ.

ಈಗ ಗುಳಿಗೆ ಇಳಿಸುವುದು ಹೇಗೆ ಅಂತ. ಇದು ಡಾಕ್ಟರ ಕೆಲಸ, ಆದರೆ ಏನು ಕೇಳಬೇಕು ಅಂತ ಗೊತ್ತಿದ್ದರೆ ಒಳ್ಳೆಯದು. 50ರಿಂದ 25ಕ್ಕೆ, ಒಂದೆರಡು ವಾರ ಬಿಟ್ಟು ಅದರ ಅರ್ಧಕ್ಕೆ, ಆಮೇಲೆ ನಿಲ್ಲಿಸುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬಹುದಾ ಅಂತ ಕೇಳಿ. ಅಂದಹಾಗೆ ನಿಮ್ಮ ಸ್ಟ್ರಿಪ್ ಮೇಲೆ ಎಸ್‌ಆರ್ ಅಥವಾ ಎಕ್ಸ್‌ಆರ್ ಅಂತ ಬರೆದಿದೆಯಾ ನೋಡಿ. ಬರೆದಿದ್ದರೆ ಅದನ್ನು ಮುರಿದು ನುಂಗಬಾರದು, ನಿಧಾನಕ್ಕೆ ಬಿಡುಗಡೆಯಾಗಬೇಕಾದ್ದು ಒಂದೇ ಸಲಕ್ಕೆ ಹೊರಬೀಳುತ್ತದೆ. ಇಳಿಸಲು ಸಾದಾ ಗುಳಿಗೆ ಬೇಕಾಗುತ್ತದೆ. ರಾತ್ರಿ ಎದ್ದಾಗ ತಲೆ ತಿರುಗುತ್ತಿದ್ದರೆ ಅದನ್ನೂ ಹೇಳಿ, ಈ ಗುಳಿಗೆಯಿಂದ ನೀವು ಎದ್ದು ನಿಂತ ತಕ್ಷಣ ಬಿಪಿ ಇಳಿಯಬಹುದು.

ನಿದ್ದೆಯ ಗತಿ ಏನು ಅಂತೀರಾ? ಇದಕ್ಕೂ ದಾರಿ ಇದೆ. 47ರ ವಯಸ್ಸಿಗೆ ಮುಟ್ಟು ನಿಲ್ಲುವ ಕಾಲದ ಮೈ ಬಿಸಿ, ಥೈರಾಯ್ಡ್, ಗೊರಕೆ ಇವನ್ನು ಯಾರಾದರೂ ಕೇಳಿದ್ದಾರಾ? ಕೇಳಿಲ್ಲದಿದ್ದರೆ ಅಲ್ಲಿಂದಲೇ ಶುರು ಮಾಡಿ. ಬಹಳ ದಿನದ ನಿದ್ದೆಗೇಡಿಗೆ ಮೊದಲ ಚಿಕಿತ್ಸೆ ಗುಳಿಗೆಯೇ ಅಲ್ಲ, ನಿದ್ದೆಗೆಂದೇ ಮಾಡಿದ ವರ್ತನಾ ಚಿಕಿತ್ಸೆ. ಹಾಸಿಗೆಯಲ್ಲಿ ಇರುವ ತಾಸುಗಳನ್ನು ನಿಜವಾಗಿ ಮಲಗುವ ತಾಸಿನ ಹತ್ತಿರಕ್ಕೆ ಇಳಿಸಿ, ಏಳುವ ಹೊತ್ತು ಒಂದೇ ಇಟ್ಟು, ಆಮೇಲೆ ನಿಧಾನವಾಗಿ ಹೆಚ್ಚಿಸುತ್ತಾರೆ. ಮೊದಲ ವಾರ ಕಷ್ಟ ಆಗುತ್ತದೆ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯಕ್ಕೆಂದೇ ಇರುವ ಸರ್ಕಾರಿ ಆಸ್ಪತ್ರೆ. ಹೊರರೋಗಿ ವಿಭಾಗಕ್ಕೆ ಹೋಗಿ ನಿದ್ದೆಯ ಬಗ್ಗೆ ಕೇಳಬಹುದು. ಅಲ್ಲಿಗೆ ಹೋದರೆ ಜನ ಏನಂತಾರೋ ಅಂತ ಹಿಂಜರಿಯಬೇಡಿ.

ಇನ್ನು ಸದ್ಯಕ್ಕೆ, ಗುಳಿಗೆ ಇಳಿಯುವವರೆಗೆ ಒಂದು ಮಾಡಿ. ನಿಮ್ಮ ಐದು ಕೆಜಿಯನ್ನು ಏಳು ತಿಂಗಳಿಗೆ ಹಂಚಿದರೆ ದಿನಕ್ಕೆ ಸುಮಾರು 180 ಕ್ಯಾಲರಿ ಜಾಸ್ತಿ ಬರುತ್ತದೆ. ಅಂದರೆ ದಿನಾ ರಾತ್ರಿ ಒಂದು ಹಿಡಿ ಶೇಂಗಾ! ಹಾಗಾಗಿ ಊಟ ಮುಗಿಸಿ, ಹಲ್ಲುಜ್ಜಿ, ದೀಪ ಆರಿಸೋ ಹೊತ್ತಿಗೆ ಗುಳಿಗೆ ನುಂಗಿ ನೇರ ಹಾಸಿಗೆಗೆ ಹೋಗಿ. ನುಂಗಿ ಟಿವಿ ಮುಂದೆ ಕೂತರೆ ಆ ಅರ್ಧ ತಾಸಿನ ಹಸಿವು ನಿಮ್ಮನ್ನು ಅಡುಗೆಮನೆಗೇ ಕರೆದೊಯ್ಯುತ್ತದೆ.

ತೂಕದ ಮೂರು ಅಂಕಿ, ಸೊಂಟದ ಅಳತೆ, ಸ್ಟ್ರಿಪ್ಪಿನ ಫೋಟೋ, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು ಡಾಕ್ಟರ ಹತ್ತಿರ ಹೋಗಿ. ರಕ್ತದ ವರದಿ ಬಂದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.