ಸ್ಥಿರಾಂಕ ಸಿಕ್ಕಿತು, ಚೌಕ ಎಲ್ಲಿ?

«ಮಾನ್ಯ ಸಂಪಾದಕರಿಗೆ ನಮಸ್ಕಾರಗಳು. ಯಾವುದೇ ಮಾಯಾಚೌಕದ ಸ್ಥಿರಾಂಕವನ್ನು, ಅಂದರೆ ಅದರ ಪ್ರತಿ ಅಡ್ಡಸಾಲು, ಕಂಬಸಾಲು ಮತ್ತು ಕರ್ಣಕ್ಕೆ ಸಮನಾಗಿ ಬರುವ ಮೊತ್ತವನ್ನು, ಒಂದೇ ಸೂತ್ರದಿಂದ ಕಂಡುಹಿಡಿಯುವ ಬಗೆಯನ್ನು ವಿವರಿಸಿ ಲೇಖನವೊಂದನ್ನು ಕಳುಹಿಸಿದ್ದೇನೆ. ಕೊನೆಯಲ್ಲಿ ಓದುಗರಿಗೆ ಒಂದು ಅಭ್ಯಾಸವಿದೆ: 1, 2, 3, 4, 6, 7, 8, 9, 11 ಈ ಒಂಬತ್ತು ಸಂಖ್ಯೆಗಳನ್ನು ಸ್ಥಿರಾಂಕ 17 ಬರುವಂತೆ ಚೌಕದಲ್ಲಿ ತುಂಬಬೇಕು. ಲೇಖನ ಪ್ರಕಟಣೆಗೆ ಯೋಗ್ಯವೇ? ಕೊರತೆಗಳಿದ್ದರೆ ಮುಚ್ಚುಮರೆಯಿಲ್ಲದೆ ತಿಳಿಸಿ.»

ನಮಸ್ಕಾರ. ಈಗಿರುವ ರೂಪದಲ್ಲಿ ಲೇಖನವನ್ನು ಪ್ರಕಟಿಸಲಾಗುವುದಿಲ್ಲ. ನಿಮ್ಮ ಭಾಷೆ ತಿಳಿಯಾಗಿದೆ, ಆ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಗಣಿತದ ಬಗ್ಗೆ, ಅದರಲ್ಲೂ ಮುಖ್ಯವಾಗಿ ಕೊನೆಯ ಅಭ್ಯಾಸದ ಬಗ್ಗೆ.

ಮೊದಲು ಸೂತ್ರವನ್ನು ನೋಡೋಣ. n ಅಡ್ಡಸಾಲುಗಳ ಚೌಕಕ್ಕೆ n(n²+1)/2 ಎಂಬುದನ್ನು ನೀವು ಎರಡನೆಯ ಪ್ಯಾರಾದಲ್ಲೇ ಕೊಟ್ಟು, ಅದು ಎಲ್ಲಿಂದ ಬಂತು ಎಂದು ಹೇಳದೆ ಮುಂದೆ ಹೋಗಿದ್ದೀರಿ. 1ರಿಂದ ಆರಂಭಿಸಿ ಒಂದೂ ಬಿಡದೆ ತುಂಬಿದ ಚೌಕಕ್ಕೆ ಮಾತ್ರ ಆ ಸೂತ್ರ ಹೊಂದುತ್ತದೆ. ಮೂರರ ಚೌಕವನ್ನು 5ರಿಂದ 13ರವರೆಗಿನ ಸಂಖ್ಯೆಗಳಿಂದ ತುಂಬಿದರೆ ಸೂತ್ರ 15 ಎನ್ನುತ್ತದೆ, ಆದರೆ ನಿಜವಾದ ಸ್ಥಿರಾಂಕ 27. ಇದು ನಿಮಗೆ ತಿಳಿಯದ ವಿಷಯವೇನಲ್ಲ ಎಂಬುದು ನಿಮ್ಮ ಅಭ್ಯಾಸದಿಂದಲೇ ಗೊತ್ತಾಗುತ್ತದೆ. ನಿಮ್ಮ ಸೂತ್ರದ ಪ್ರಕಾರ ಅಲ್ಲಿಯೂ 15 ಬರಬೇಕಿತ್ತು. ಆದರೆ ನೀವು ಒಂಬತ್ತು ಸಂಖ್ಯೆಗಳನ್ನು ಕೂಡಿ, ಬಂದ 51ನ್ನು ಮೂರರಿಂದ ಭಾಗಿಸಿ 17 ಎಂದು ಬರೆದಿದ್ದೀರಿ. ಅಂದರೆ ಸರಿಯಾದ ವಿಧಾನವನ್ನು ನೀವು ಬಳಸಿದ್ದೀರಿ, ಓದುಗರಿಗೆ ಮಾತ್ರ ಹೇಳಿಲ್ಲ.

ಹೇಳಬೇಕಾದದ್ದು ಇಷ್ಟೇ. ಚೌಕದಲ್ಲಿರುವ ಪ್ರತಿ ಸಂಖ್ಯೆಯೂ ಯಾವುದಾದರೂ ಒಂದೇ ಅಡ್ಡಸಾಲಿನಲ್ಲಿ ಇರುತ್ತದೆಯಾದ್ದರಿಂದ ಎಲ್ಲ ಅಡ್ಡಸಾಲುಗಳ ಮೊತ್ತಗಳನ್ನು ಕೂಡಿದರೆ ಚೌಕದ ಒಟ್ಟು ಮೊತ್ತ ಬರುತ್ತದೆ. ಸಾಲುಗಳೆಲ್ಲ ಸಮನಾಗಿರುವುದರಿಂದ, ಒಟ್ಟು ಮೊತ್ತವನ್ನು ಸಾಲುಗಳ ಸಂಖ್ಯೆಯಿಂದ ಭಾಗಿಸಿದರೆ ಸ್ಥಿರಾಂಕ ಸಿಗುತ್ತದೆ. 1ರಿಂದ 9ರವರೆಗಿನ ಮೊತ್ತ 45, ಅದರ ಮೂರನೆಯ ಒಂದು ಭಾಗ 15. ನಿಮ್ಮ ಸೂತ್ರ ಇದೇ ಭಾಗಾಕಾರದ ಸಂಕ್ಷಿಪ್ತ ರೂಪ.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಈ ಲೆಕ್ಕದಲ್ಲಿ ಕಂಬಸಾಲುಗಳಾಗಲಿ ಕರ್ಣಗಳಾಗಲಿ ಎಲ್ಲೂ ಬರಲಿಲ್ಲ. ಆದ್ದರಿಂದ ಸ್ಥಿರಾಂಕ ಪೂರ್ಣಾಂಕವಾಗಿ ಸಿಕ್ಕಿತೆಂದ ಮಾತ್ರಕ್ಕೆ ಚೌಕ ಸಾಧ್ಯ ಎಂದು ಹೇಳಲಾಗದು. ಎರಡರ ಚೌಕವನ್ನೇ ತೆಗೆದುಕೊಳ್ಳಿ: 1, 2, 3, 4ರ ಮೊತ್ತ 10, ಸ್ಥಿರಾಂಕ 5. ಆದರೆ 1ರ ಪಕ್ಕದಲ್ಲೂ 4 ಬೇಕು, ಅದರ ಕೆಳಗೂ 4 ಬೇಕು. ಇರುವುದು ಒಂದೇ 4.

ಮೂರರ ಚೌಕದಲ್ಲಿ ಕರ್ಣಗಳು ಇನ್ನೂ ಬಿಗಿಯಾದ ಷರತ್ತನ್ನು ಹಾಕುತ್ತವೆ. ನಡುಮನೆಯ ಮೂಲಕ ನಾಲ್ಕು ಸಾಲುಗಳು ಹಾದುಹೋಗುತ್ತವೆ: ನಡುವಿನ ಅಡ್ಡಸಾಲು, ನಡುವಿನ ಕಂಬಸಾಲು ಮತ್ತು ಎರಡು ಕರ್ಣಗಳು. ಈ ನಾಲ್ಕನ್ನೂ ಕೂಡಿದರೆ ಸ್ಥಿರಾಂಕದ ನಾಲ್ಕರಷ್ಟು ಬರಬೇಕು. ಹಾಗೆ ಕೂಡುವಾಗ ಸುತ್ತಲಿನ ಎಂಟು ಮನೆಗಳು ಒಂದೊಂದು ಸಲ ಲೆಕ್ಕಕ್ಕೆ ಬರುತ್ತವೆ, ನಡುಮನೆ ಮಾತ್ರ ನಾಲ್ಕು ಸಲ ಬರುತ್ತದೆ. ಅಂದರೆ ಇಡೀ ಚೌಕದ ಮೊತ್ತದ ಜೊತೆಗೆ ನಡುಮನೆಯ ಸಂಖ್ಯೆ ಇನ್ನೂ ಮೂರು ಸಲ ಸೇರುತ್ತದೆ. ಇಡೀ ಚೌಕದ ಮೊತ್ತ ಸ್ಥಿರಾಂಕದ ಮೂರರಷ್ಟಿರುವುದರಿಂದ, ಉಳಿದ ಒಂದು ಸ್ಥಿರಾಂಕವು ನಡುಮನೆಯ ಮೂರರಷ್ಟಕ್ಕೆ ಸಮನಾಗಲೇಬೇಕು. ಹೀಗಾಗಿ ನಡುವೆ ಇರುವ ಸಂಖ್ಯೆ ಸ್ಥಿರಾಂಕದ ಮೂರನೆಯ ಒಂದು ಭಾಗವೇ ಆಗಿರುತ್ತದೆ. ಪೂರ್ಣ ಸಂಖ್ಯೆಗಳ ಚೌಕವಾದರೆ ಒಟ್ಟು ಮೊತ್ತ ಮೂರರಿಂದ ಭಾಗವಾದರೆ ಸಾಲದು, ಒಂಬತ್ತರಿಂದಲೇ ಭಾಗವಾಗಬೇಕು.

ಈಗ ನಿಮ್ಮ ಅಭ್ಯಾಸಕ್ಕೆ ಬರೋಣ. ಸ್ಥಿರಾಂಕ 17 ಎಂದಾದರೆ ನಡುವೆ ಬರಬೇಕಾದದ್ದು 17/3, ಅದು ಪೂರ್ಣ ಸಂಖ್ಯೆಯೇ ಅಲ್ಲ. ಈ ಒಂಬತ್ತು ಸಂಖ್ಯೆಗಳಿಂದ ಮಾಯಾಚೌಕ ಆಗುವುದಿಲ್ಲ. ಓದುಗರಿಗೆ ಇದು ಹೇಗೆ ಕಾಣುತ್ತದೆ ಎಂದು ಯೋಚಿಸಿ. ಅವರು ಸಹಜವಾಗಿ ಮಧ್ಯದ ಸಂಖ್ಯೆಯಾದ 6ನ್ನು ನಡುವೆ ಇಡುತ್ತಾರೆ. ಎದುರುಬದುರು ಬರುವ ಪ್ರತಿ ಜೋಡಿಯ ಮೊತ್ತ ಆಗ 11 ಆಗಬೇಕು. 2 ಮತ್ತು 9, 3 ಮತ್ತು 8, 4 ಮತ್ತು 7 ಹೀಗೆ ಮೂರು ಜೋಡಿಗಳು ಸಲೀಸಾಗಿ ಸಿಗುತ್ತವೆ. ನಾಲ್ಕನೆಯದಕ್ಕೆ ಉಳಿಯುವುದು 1 ಮತ್ತು 11, ಅವುಗಳ ಮೊತ್ತ 12. ಒಂದೇ ಒಂದು ಹೆಚ್ಚಾಯಿತಲ್ಲ ಎಂದುಕೊಂಡು ಅವರು ಸಂಖ್ಯೆಗಳನ್ನು ಅದಲುಬದಲು ಮಾಡುತ್ತಾ ಕೂರುತ್ತಾರೆ. ಲೇಖನವೇ ಸಾಧ್ಯ ಎಂದಿರುವಾಗ ತಪ್ಪು ತಮ್ಮದೇ ಎಂದು ಭಾವಿಸುತ್ತಾರೆ. ಬಿಡಿಸಿ ನೋಡದ ಸಮಸ್ಯೆಯನ್ನು ಓದುಗರ ಮುಂದೆ ಇಡುವುದು ನನ್ನ ದೃಷ್ಟಿಯಲ್ಲಿ ಅಕ್ಷರದೋಷಕ್ಕಿಂತ ದೊಡ್ಡ ಲೋಪ.

ಸರಿಪಡಿಸುವುದು ಕಷ್ಟವಲ್ಲ. 4ರ ಬದಲು 5, 8ರ ಬದಲು 10 ಇಟ್ಟರೆ ಮೊತ್ತ 54 ಆಗುತ್ತದೆ, ಸ್ಥಿರಾಂಕ 18, ನಡುವೆ 6. ಎದುರುಬದುರಿನ ಜೋಡಿಗಳ ಮೊತ್ತ ಈಗ 12 ಆಗಬೇಕು: 1 ಮತ್ತು 11, 2 ಮತ್ತು 10, 3 ಮತ್ತು 9, 5 ಮತ್ತು 7. ನಾಲ್ಕೂ ಸಿಕ್ಕವು. ಚೌಕ ಹೀಗಿದೆ:

```
10   1   7
 3   6   9
 5  11   2
```

ಅಡ್ಡಸಾಲು, ಕಂಬಸಾಲು, ಕರ್ಣಗಳನ್ನು ನೀವೇ ಕೂಡಿ ನೋಡಿ. ಒಂಬತ್ತರಿಂದ ಭಾಗವಾದರೆ ಎಲ್ಲವೂ ಸರಿಹೋಗುತ್ತದೆ ಎಂದೂ ಬರೆಯಬೇಡಿ. 1ರಿಂದ 8ರವರೆಗಿನ ಸಂಖ್ಯೆಗಳ ಜೊತೆ 18ನ್ನು ಸೇರಿಸಿದರೆ ಮೊತ್ತ ಆಗಲೂ 54, ನಡುವೆ ಆಗಲೂ 6; ಆದರೆ 18ರ ಎದುರಿಗೆ ಸೊನ್ನೆಗಿಂತ ಕಡಿಮೆಯ ಸಂಖ್ಯೆ ಬೇಕಾಗುತ್ತದೆ, ಅದು ಪಟ್ಟಿಯಲ್ಲಿಲ್ಲ. ಜೋಡಿಗಳು ಕೂಡಿಬಂದ ಮೇಲೂ ಅವುಗಳನ್ನು ಅಂಚಿನ ಸಾಲುಗಳು ಒಪ್ಪುವಂತೆ ಕೂರಿಸಬೇಕು, ಆ ಕೆಲಸಕ್ಕೆ ಅಡ್ಡದಾರಿಯಿಲ್ಲ.

ಜರ್ಮನ್ ಕಲಾವಿದ ಡ್ಯೂರರ್‌ನ ಚಿತ್ರದ ಬಗ್ಗೆಯೂ ಒಂದು ಮಾತು. 1514ರ ಆ ಕೆತ್ತನೆಯಲ್ಲಿರುವ ನಾಲ್ಕರ ಚೌಕದಲ್ಲಿ ನಡುವಿನ ನಾಲ್ಕು ಮನೆಗಳ 10, 11, 6, 7 ಕೂಡಿದರೂ 34 ಬರುವುದನ್ನು ನೀವು ಕಲಾವಿದನ ಚಮತ್ಕಾರ ಎಂದು ಹೊಗಳಿದ್ದೀರಿ. ಅದು ನಾಲ್ಕರ ಎಲ್ಲ ಮಾಯಾಚೌಕಗಳಲ್ಲೂ ತಾನಾಗಿ ಬರುವ ಗುಣ. ಎರಡು ಕರ್ಣಗಳು ಸೇರಿ ನಡುವಿನ ನಾಲ್ಕು ಮನೆಗಳನ್ನೂ ಮೂಲೆಯ ನಾಲ್ಕು ಮನೆಗಳನ್ನೂ ಆವರಿಸುತ್ತವೆ. ನಡುವಿನ ಎರಡು ಅಡ್ಡಸಾಲುಗಳನ್ನು ಅಂಚಿನ ಎರಡು ಕಂಬಸಾಲುಗಳೊಂದಿಗೆ ಹೋಲಿಸಿದರೆ ನಡುವಿನ ಮೊತ್ತವೂ ಮೂಲೆಗಳ ಮೊತ್ತವೂ ಸಮ ಎಂದು ತಿಳಿಯುತ್ತದೆ, ಏಕೆಂದರೆ ಉಳಿದ ನಾಲ್ಕು ಮನೆಗಳು ಎರಡಕ್ಕೂ ಸಾಮಾನ್ಯವಾಗಿವೆ. ಎರಡೂ ಸೇರಿ ಸ್ಥಿರಾಂಕದ ಎರಡರಷ್ಟಾದ್ದರಿಂದ ಪ್ರತಿಯೊಂದೂ ಒಂದು ಸ್ಥಿರಾಂಕ. ಹೊಗಳಲೇಬೇಕೆಂದಿದ್ದರೆ ಕೆಳಗಿನ ಸಾಲಿನ ನಡುವೆ 15 ಮತ್ತು 14 ಅಕ್ಕಪಕ್ಕ ಬಂದು ಚಿತ್ರದ ವರ್ಷವನ್ನು ತೋರಿಸುವುದನ್ನು ಹೊಗಳಿ. ಅದು ಆಯ್ಕೆಯಿಂದ ಬಂದದ್ದು.

ಮತ್ತೆ ಬರೆಯುವಾಗ ಭಾಗಾಕಾರದಿಂದ ಆರಂಭಿಸಿ, ಸೂತ್ರವನ್ನು ಅದರ ಹಿಂದೆ ಇಡಿ, ಎರಡರ ಚೌಕದ ನಂತರ ನಡುಮನೆಯ ವಾದಕ್ಕೆ ಬನ್ನಿ. ಆಮೆಯ ಬೆನ್ನ ಮೇಲೆ ಮಾಯಾಚೌಕ ಕಂಡಿತೆಂಬ ಚೀನಾದ ಕಥೆಗೆ ನೀವು ಕೊಟ್ಟಿರುವ ಎರಡು ಪುಟಗಳನ್ನು ನಾಲ್ಕು ಸಾಲಿಗೆ ಇಳಿಸಿದರೆ ಇದಕ್ಕೆಲ್ಲ ಜಾಗ ಸಾಕಾಗುತ್ತದೆ. ಹೊಸ ಅಭ್ಯಾಸವನ್ನು ಕೊಡುವುದಾದರೆ ಅದರ ಪೂರ್ಣ ಉತ್ತರವನ್ನೂ ಬೇರೆ ಹಾಳೆಯಲ್ಲಿ ಕಳುಹಿಸಿ.