ಡೈರೆಕ್ಟ್ ಮತ್ತು ರೆಗ್ಯುಲರ್ ಪ್ಲಾನ್: ಶೇ. 1ರ ವ್ಯತ್ಯಾಸ ಎಷ್ಟಾಗುತ್ತದೆ?

ಪ್ರಶ್ನೆ: ನನ್ನ ಮ್ಯೂಚುವಲ್ ಫಂಡ್ ರೆಗ್ಯುಲರ್ ಪ್ಲಾನ್‌ನಲ್ಲಿದೆ. ಡೈರೆಕ್ಟ್‌ಗಿಂತ ವರ್ಷಕ್ಕೆ ಶೇ. 1ರಷ್ಟು ಮಾತ್ರ ಹೆಚ್ಚು ಖರ್ಚು. 25 ವರ್ಷಕ್ಕೆ ಅದು ದೊಡ್ಡ ಮೊತ್ತವೇ?

ಉತ್ತರ: ಹೌದು, ಅಂತಿಮ ಮೊತ್ತದ ಸುಮಾರು ಐದನೇ ಒಂದು ಭಾಗ.

ಎರಡೂ ಪ್ಲಾನ್‌ಗಳ ಷೇರುಗಳು ಒಂದೇ, ಫಂಡ್ ಮ್ಯಾನೇಜರ್ ಕೂಡ ಒಬ್ಬರೇ. ರೆಗ್ಯುಲರ್‌ನಲ್ಲಿ ವಿತರಕರ ಕಮಿಷನ್ ಸೇರಿರುತ್ತದೆ. ಅದನ್ನು ಲಾಭದಿಂದಲ್ಲ, ನಿಮ್ಮ ಇಡೀ ಹೂಡಿಕೆಯ ಮೌಲ್ಯದಿಂದ ದಿನದಿನವೂ ಕಳೆದೇ ಎನ್‌ಎವಿ, ಅಂದರೆ ಫಂಡ್‌ನ ಒಂದು ಯೂನಿಟ್‌ನ ಬೆಲೆ, ಪ್ರಕಟಿಸುತ್ತಾರೆ. ಪ್ರತ್ಯೇಕ ಬಿಲ್ ಬರುವುದಿಲ್ಲವಾದ್ದರಿಂದ ಅದು ಕಣ್ಣಿಗೆ ಬೀಳುವುದೇ ಇಲ್ಲ.

10 ಲಕ್ಷ ರೂಪಾಯಿ ಹೂಡಿದ್ದೀರಿ, ಖರ್ಚು ಕಳೆದು ಡೈರೆಕ್ಟ್‌ನಲ್ಲಿ ಶೇ. 11, ರೆಗ್ಯುಲರ್‌ನಲ್ಲಿ ಶೇ. 10 ಗಳಿಕೆ ಎಂದುಕೊಳ್ಳಿ. ಐದು ವರ್ಷದ ಕೊನೆಗೆ ಅಂತರ ಸುಮಾರು 75 ಸಾವಿರ. 25 ವರ್ಷಕ್ಕೆ ಡೈರೆಕ್ಟ್ 1.36 ಕೋಟಿ, ರೆಗ್ಯುಲರ್ 1.08 ಕೋಟಿ; ಅಂತರ 27 ಲಕ್ಷ ದಾಟುತ್ತದೆ. ಕಳೆದುಹೋದ ಹಣದ ಜೊತೆಗೆ ಅದು ಮುಂದೆ ದುಡಿಯಬೇಕಿದ್ದ ಗಳಿಕೆಯೂ ಹೋಗುವುದೇ ಇದಕ್ಕೆ ಕಾರಣ. ಮಾರುಕಟ್ಟೆ ಕುಸಿದ ವರ್ಷದಲ್ಲೂ ಈ ಕಡಿತ ನಿಲ್ಲುವುದಿಲ್ಲ.

ಡೈರೆಕ್ಟ್‌ನ ಎನ್‌ಎವಿ ಹೆಚ್ಚಿರುವುದನ್ನು ನೋಡಿ ದುಬಾರಿ ಎಂದು ಹಿಂಜರಿಯಬೇಡಿ. ಕಡಿತ ಕಡಿಮೆಯಾದ್ದರಿಂದಲೇ ಅದು ಮೇಲಿದೆ.

ಆದರೆ ಒಂದೇ ದಿನ ಎಲ್ಲವನ್ನೂ ಬದಲಿಸಬೇಡಿ. ಪ್ಲಾನ್ ಬದಲಾವಣೆಯನ್ನು ಮಾರಾಟವೆಂದೇ ಪರಿಗಣಿಸುತ್ತಾರೆ: ಬೇಗ ಹೊರಬಂದರೆ ಕಡಿತವಾಗುವ ಎಕ್ಸಿಟ್ ಲೋಡ್ ಇರಬಹುದು, ಲಾಭಕ್ಕೆ ತೆರಿಗೆಯೂ ಬೀಳಬಹುದು. ಹೊಸ ಕಂತುಗಳನ್ನು ಈಗಲೇ ಡೈರೆಕ್ಟ್‌ಗೆ ತಿರುಗಿಸಿ. ಈಕ್ವಿಟಿ ಫಂಡ್ ಆಗಿದ್ದರೆ, ವರ್ಷಕ್ಕೆ 1.25 ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆ ಇಲ್ಲದಿರುವುದನ್ನು ಬಳಸಿಕೊಂಡು ಹಳೆಯದನ್ನು ಹಂತಹಂತವಾಗಿ ವರ್ಗಾಯಿಸಿ. ವಿತರಕರ ಸಲಹೆಯಿಂದಲೇ ನೀವು ಕುಸಿತದಲ್ಲೂ ಹೂಡಿಕೆ ಬಿಡದೆ ಉಳಿಯುವವರಾದರೆ, ಆ ಕಮಿಷನ್ ವ್ಯರ್ಥವೆಂದು ನಾನು ಹೇಳಲಾರೆ.